ಹಳೆಯ ಸಂಗೀತ, ಹಳೆಯ ಚಿತ್ರ, ಹೊಸ ಪೋಸ್ಟ್: ಮರುಬಳಕೆಯಲ್ಲಿ ಪರವಾನಗಿ ದೋಷವನ್ನು ಪತ್ತೆಹಚ್ಚುವ ಕೈಪಿಡಿ

ಪ್ರಕಟವಾಗಿ ಎರಡು ಮೂರು ವರ್ಷ ಕಳೆದ ವಿಡಿಯೊ ಅಥವಾ ಚಿತ್ರವನ್ನು ಎತ್ತಿಕೊಂಡು, ಅದಕ್ಕೆ ಹೊಸ ಅಡಿಬರಹ ಸೇರಿಸಿ, ನಿಗದಿತ ದಿನದಂದು ತಾನಾಗಿಯೇ ಮತ್ತೆ ಪ್ರಕಟಿಸುವ ಸೌಲಭ್ಯ ಪೋಸ್ಟ್ ನಿರ್ವಹಣೆಯ ಅನೇಕ ಸಾಧನಗಳಲ್ಲಿದೆ. ಈ ಸೌಲಭ್ಯದಿಂದ ಹುಟ್ಟುವ ಪರವಾನಗಿ ತೊಂದರೆಗಳು ನೋಡಲು ಬೇರೆ ಬೇರೆಯಾಗಿದ್ದರೂ ಅವುಗಳ ಮೂಲ ಬಹುಪಾಲು ಒಂದೇ ಆಗಿರುತ್ತದೆ. ಸಂಗೀತಕ್ಕಾಗಲಿ ಚಿತ್ರಕ್ಕಾಗಲಿ ಸಿಗುವ ಅನುಮತಿ ಆ ಫೈಲಿಗೆ ಅಂಟಿಕೊಂಡು ಬರುವುದಿಲ್ಲ. ಅದನ್ನು ಇಂಥ ಅವಧಿಯಲ್ಲಿ, ಇಂಥ ಖಾತೆಯಲ್ಲಿ, ಇಂಥ ಉದ್ದೇಶಕ್ಕಾಗಿ, ಇಂಥ ರೂಪದಲ್ಲಿ ಪ್ರಕಟಿಸಬಹುದು ಎಂದು ಪರವಾನಗಿ ಪತ್ರ ಹೇಳುತ್ತದೆ. ಪೋಸ್ಟ್‌ಗಳ ಸರದಿಯಲ್ಲಾದರೋ ಫೈಲು, ಅಡಿಬರಹ, ದಿನಾಂಕ ಇಷ್ಟೇ ಇರುತ್ತವೆ. ಅನುಮತಿಯ ಷರತ್ತುಗಳು ಯಾರದೋ ಮೇಲ್‌ಬಾಕ್ಸಿನಲ್ಲೋ ರಸೀದಿಯಲ್ಲೋ ಉಳಿದುಬಿಟ್ಟಿರುತ್ತವೆ. ಆದ್ದರಿಂದ ಮುಂದಿನ ಪ್ರತಿಯೊಂದು ಲಕ್ಷಣದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಅವಧಿ, ಖಾತೆ, ಉದ್ದೇಶ, ರೂಪ ಈ ನಾಲ್ಕರಲ್ಲಿ ಯಾವುದು ಮೊದಲ ಪ್ರಕಟಣೆಯ ನಂತರ ಬದಲಾಗಿದೆ?

## ಮೊದಲು ಮಾಡಬೇಕಾದದ್ದು

ಯಾವ ಲಕ್ಷಣ ಕಂಡರೂ ಮೊದಲ ಕೆಲಸ ಆ ಫೈಲು ಮತ್ತೆ ಪ್ರಕಟವಾಗದಂತೆ ಸರದಿಯನ್ನು ತಡೆಹಿಡಿಯುವುದು. ಒಂದೇ ಫೈಲನ್ನು ವ್ಯವಸ್ಥೆ ಹಲವು ಖಾತೆಗಳಿಗೆ, ಹಲವು ದಿನಗಳಿಗೆ ಹಂಚಿರಬಹುದು. ಯೂಟ್ಯೂಬ್‌ನಲ್ಲಿ 90 ದಿನಗಳ ಒಳಗೆ, ಹಕ್ಕುದಾರರ ಕೋರಿಕೆಯಂತೆ ವಿಡಿಯೊ ತೆಗೆದಾಗ ದಾಖಲಾಗುವ ಮೂರು ಕೃತಿಸ್ವಾಮ್ಯ ಸ್ಟ್ರೈಕ್‌ಗಳು ಬಿದ್ದರೆ ಇಡೀ ಚಾನೆಲ್ ರದ್ದಾಗುವ ಸಾಧ್ಯತೆಯಿದೆ. ಮನುಷ್ಯ ಕೈಯಾರೆ ಮಾಡಿದರೆ ಒಂದೇ ಸಲ ಆಗುವ ತಪ್ಪನ್ನು ಸರದಿ ಮೂರು ಸಲ ಮಾಡಿಬಿಡುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯದು, ದೂರು ಬಂದ ಪೋಸ್ಟನ್ನು ಗಾಬರಿಯಿಂದ ಅಳಿಸಬಾರದು. ಸ್ಟ್ರೈಕ್ ಬಿದ್ದ ಮೇಲೆ ವಿಡಿಯೊ ಅಳಿಸಿದರೂ ಸ್ಟ್ರೈಕ್ ಹೋಗುವುದಿಲ್ಲ, ಆದರೆ ಏನು ಪ್ರಕಟವಾಗಿತ್ತು, ಯಾವ ದಿನ, ಯಾವ ಅಡಿಬರಹದೊಂದಿಗೆ ಎಂಬ ಪುರಾವೆ ಮಾತ್ರ ಕೈತಪ್ಪುತ್ತದೆ. ಪೋಸ್ಟ್, ದೂರಿನ ಪುಟ, ಸರದಿಯ ದಾಖಲೆ ಈ ಮೂರರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಅಗತ್ಯವೆನಿಸಿದರೆ ಪೋಸ್ಟನ್ನು ಖಾಸಗಿಯಾಗಿಸಿ, ಆಮೇಲೆ ಪತ್ತೆಗೆ ಇಳಿಯಬೇಕು.

## ಲಕ್ಷಣ: ಹಳೆಯ ಪೋಸ್ಟಿಗೆ ಏನೂ ಆಗಿಲ್ಲ, ಅದೇ ವಿಡಿಯೊದ ಹೊಸ ಪೋಸ್ಟಿಗೆ ಸಂಗೀತದ ಕ್ಲೇಮ್ ಬಂದಿದೆ

ಜನರನ್ನು ಹೆಚ್ಚು ಗೊಂದಲಕ್ಕೆ ದೂಡುವ ಲಕ್ಷಣವಿದು. ಮೂರು ವರ್ಷದಿಂದ ಸುಮ್ಮನಿದ್ದ ವಿಡಿಯೊಗೆ ಈಗೇಕೆ ತಕರಾರು ಎಂದು ಎಲ್ಲರೂ ಕೇಳುತ್ತಾರೆ, ಮತ್ತು ಕ್ಲೇಮ್ ತಪ್ಪಾಗಿ ಬಂದಿರಬೇಕೆಂದು ಭಾವಿಸಿ ಕೂಡಲೇ ಆಕ್ಷೇಪಣೆ ಸಲ್ಲಿಸಿಬಿಡುತ್ತಾರೆ. ಆ ಅವಸರ ಬೇಡ.

ಒಂದು ಉದಾಹರಣೆಯನ್ನು ಕೊನೆಯವರೆಗೆ ನೋಡೋಣ. ನೀರಿನ ಫಿಲ್ಟರ್ ಸ್ವಚ್ಛಗೊಳಿಸುವ ವಿಧಾನ ತೋರಿಸುವ 45 ಸೆಕೆಂಡುಗಳ ವಿಡಿಯೊ, ಫೈಲಿನ ಹೆಸರು `filter_clean_v3.mp4`, 2022ರ ಮಾರ್ಚ್‌ನಲ್ಲಿ ಒಂದು ಸಂಸ್ಥೆಯ ಯೂಟ್ಯೂಬ್ ಚಾನೆಲ್‌ನಲ್ಲಿ ಪ್ರಕಟವಾಗಿತ್ತು ಎಂದಿಟ್ಟುಕೊಳ್ಳಿ. 2024ರ ಸೆಪ್ಟೆಂಬರ್‌ನಲ್ಲಿ ಸರದಿ ಅದನ್ನೇ ಹೊಸ ಶೀರ್ಷಿಕೆಯೊಂದಿಗೆ ಮತ್ತೆ ಏರಿಸಿತು, ಕ್ಲೇಮ್ ಬಂತು.

ಖರ್ಚಿಲ್ಲದ ಮೊದಲ ಪರೀಕ್ಷೆ, ಕ್ಲೇಮಿನ ವಿವರವನ್ನು ಪೂರ್ತಿ ಓದುವುದು. ವಿಡಿಯೊದ ಯಾವ ಭಾಗದ ಮೇಲೆ ಕ್ಲೇಮ್ ಇದೆ, ಯಾವ ಹಾಡಿನ ಹೆಸರಿದೆ, ಹಕ್ಕುದಾರರು ಯಾರು, ಪರಿಣಾಮವೇನು ಎಂಬುದೆಲ್ಲ ಅಲ್ಲಿಯೇ ಇರುತ್ತದೆ. ಹಾಡನ್ನು ಯಂತ್ರವೇ ಗುರುತಿಸಿ ಹಾಕುವ ಕಂಟೆಂಟ್ ಐಡಿ ಕ್ಲೇಮಿನಲ್ಲಿ ಹಕ್ಕುದಾರರು ವಿಡಿಯೊವನ್ನು ತಡೆಯಬಹುದು, ಅದರ ಜಾಹೀರಾತಿನ ಆದಾಯವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು, ಇಲ್ಲವೇ ಎಷ್ಟು ಜನ ನೋಡಿದರೆಂದು ಬರಿದೇ ಗಮನಿಸುತ್ತಿರಬಹುದು. ಇದು ಸ್ಟ್ರೈಕ್ ಅಲ್ಲ. ಎರಡನ್ನೂ ಒಂದೇ ಎಂದುಕೊಂಡವರು ಸಣ್ಣ ತೊಂದರೆಯನ್ನು ದೊಡ್ಡದು ಮಾಡಿಕೊಳ್ಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಕ್ಲೇಮ್ 0:04ರಿಂದ 0:41ರವರೆಗೆ, ಅಂದರೆ ಹಿನ್ನೆಲೆ ಸಂಗೀತ ಇರುವ ಅಷ್ಟೂ ಭಾಗಕ್ಕೆ ಇದೆ. ಹಾಗಾಗಿ ಮಾತಿನ ಮಧ್ಯೆ ಎಲ್ಲೋ ಆಕಸ್ಮಿಕವಾಗಿ ಕೇಳಿಸಿದ ಬೇರೆ ಹಾಡಿನ ಪ್ರಶ್ನೆ ಇಲ್ಲಿಲ್ಲ.

ಎರಡನೆಯ ಪರೀಕ್ಷೆ, ಹಳೆಯ ಮತ್ತು ಹೊಸ ಪೋಸ್ಟುಗಳ ಫೈಲು ಒಂದೇ ಹೌದೇ ಎಂದು ನೋಡುವುದು. ಎರಡೂ ಫೈಲುಗಳು ಕೈಯಲ್ಲಿದ್ದರೆ ಅವುಗಳ ಹ್ಯಾಶ್, ಅಂದರೆ ಫೈಲಿನ ಒಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಗುರುತು, ಹೋಲಿಸಿದರೆ ಸಾಕು.

```
sha256sum filter_clean_v3.mp4 queue_upload.mp4
```

ಎರಡೂ ಸಾಲುಗಳ ಆರಂಭದ ಹ್ಯಾಶ್ ಒಂದೇ ಆಗಿದ್ದರೆ ಫೈಲು ಬದಲಾಗಿಲ್ಲ, ಬದಲಾದದ್ದು ಅದರ ಸುತ್ತಲಿನ ಪರಿಸ್ಥಿತಿ ಎಂದು ಖಚಿತವಾಗುತ್ತದೆ. ಬೇರೆ ಬೇರೆಯಾಗಿದ್ದರೆ ಅಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ, ಏಕೆಂದರೆ ಸಾಧನವು ವಿಡಿಯೊವನ್ನು ಮರುಸಂಕುಚಿಸಿದರೂ ಹ್ಯಾಶ್ ಬದಲಾಗುತ್ತದೆ. ಆಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿ, ಸಂಗೀತದ ಭಾಗ ಉದ್ದವಾಗಿದೆಯೇ, ಬೇರೆ ಹಾಡು ಸೇರಿದೆಯೇ ಎಂದು ನೋಡಬೇಕು.

ಮೂರನೆಯ ಹೆಜ್ಜೆಯಲ್ಲಿ ಹಾಡಿನ ನಿಜವಾದ ಹೆಸರನ್ನು ಹುಡುಕಬೇಕು. ಎಡಿಟಿಂಗ್ ಮಾಡುವವರು `music_final.wav` ಎಂದು ಹೆಸರು ಬದಲಿಸಿ ಇಟ್ಟಿದ್ದರೆ ಪ್ರಕಟವಾದ ವಿಡಿಯೊದಿಂದ ಏನೂ ತಿಳಿಯುವುದಿಲ್ಲ. ಆಗ ಮೂಲ ಪ್ರಾಜೆಕ್ಟ್ ಫೈಲು ತೆರೆದು ಅದರಲ್ಲಿ ಬಳಸಿದ ಫೈಲುಗಳ ಪಟ್ಟಿ ನೋಡಬೇಕು, ಅಥವಾ ಆ ತಿಂಗಳ ಡೌನ್‌ಲೋಡ್ ಇತಿಹಾಸವನ್ನು ಸಂಗೀತ ಒದಗಿಸಿದ ತಾಣದ ಖಾತೆಯೊಳಗೆ ಹೋಗಿ ನೋಡಬೇಕು. ಚಂದಾ ಮುಗಿದ ಮೇಲೂ ಖಾತೆಯನ್ನು ಅಳಿಸದೆ ಉಳಿಸಿಕೊಳ್ಳುವುದು ಒಳ್ಳೆಯದು ಎನ್ನುವುದು ಇದಕ್ಕಾಗಿಯೇ.

ನಾಲ್ಕನೆಯದು, ಪರವಾನಗಿ ಪತ್ರದಲ್ಲಿ ಅವಧಿಯ ವಾಕ್ಯವನ್ನು ಹುಡುಕುವುದು. ಚಂದಾ ಆಧಾರಿತ ಸಂಗೀತ ಸೇವೆಗಳು ಎರಡು ಬಗೆಯ ಮಾತು ಆಡುತ್ತವೆ. ಕೆಲವದರಲ್ಲಿ, ಚಂದಾ ಚಾಲ್ತಿಯಲ್ಲಿದ್ದಾಗ ಪ್ರಕಟಿಸಿದ ವಿಡಿಯೊ ಎಂದೆಂದಿಗೂ ಸುರಕ್ಷಿತ, ಆದರೆ ಚಂದಾ ಮುಗಿದ ಮೇಲೆ ಹೊಸದಾಗಿ ಪ್ರಕಟಿಸಲು ಅನುಮತಿ ಇಲ್ಲ ಎಂದಿರುತ್ತದೆ. ಇನ್ನು ಕೆಲವದರಲ್ಲಿ, ಚಂದಾ ಇದ್ದಾಗ ತಯಾರಿಸಿದ ವಿಡಿಯೊವನ್ನು ಯಾವಾಗ ಬೇಕಾದರೂ ಬಳಸಬಹುದು ಎಂದಿರುತ್ತದೆ. ಪ್ರಕಟಣೆಯ ದಿನಕ್ಕೆ ಕಟ್ಟಿದ ಅನುಮತಿಯೇ, ತಯಾರಿಕೆಯ ದಿನಕ್ಕೆ ಕಟ್ಟಿದ ಅನುಮತಿಯೇ ಎಂಬ ಈ ಒಂದು ವ್ಯತ್ಯಾಸದ ಮೇಲೆ ಇಡೀ ಮರುಬಳಕೆ ನಿಂತಿದೆ. ನಮ್ಮ ಸಂಸ್ಥೆಯ ಚಂದಾ 2022ರ ಜನವರಿಯಿಂದ 2023ರ ಜನವರಿಯವರೆಗೆ ಇತ್ತು, ಪತ್ರ ಮೊದಲ ಬಗೆಯದಾಗಿತ್ತು. ಹಳೆಯ ಪೋಸ್ಟ್ ಚಂದಾ ಅವಧಿಯೊಳಗಿನದು, ಅದಕ್ಕೇ ಅದು ನಿಶ್ಚಿಂತವಾಗಿದೆ. ಹೊಸ ಪೋಸ್ಟ್ ಯಂತ್ರದ ದೃಷ್ಟಿಯಲ್ಲಿ ಮರುಬಳಕೆಯಾದರೂ ಪರವಾನಗಿಯ ದೃಷ್ಟಿಯಲ್ಲಿ ಹೊಚ್ಚಹೊಸ ಪ್ರಕಟಣೆ. ಅಂದರೆ ಕ್ಲೇಮ್ ಸರಿಯಾಗಿಯೇ ಇದೆ.

ಹೀಗೆ ತೀರ್ಮಾನವಾದ ಮೇಲೆ ಪರಿಹಾರ ಸುಲಭ. ಯೂಟ್ಯೂಬ್ ಸ್ಟುಡಿಯೊದಲ್ಲಿಯೇ ಆ ಭಾಗವನ್ನು ಕತ್ತರಿಸುವ, ಹಾಡನ್ನು ಮೌನಗೊಳಿಸುವ ಅಥವಾ ಬೇರೆ ಹಾಡು ಹಾಕುವ ಆಯ್ಕೆಗಳಿವೆ. ಅದಕ್ಕಿಂತಲೂ ಅಗ್ಗದ ದಾರಿ, ಹೊಸ ಪೋಸ್ಟನ್ನು ತೆಗೆದು, ಸರದಿಯು ವಿಡಿಯೊವನ್ನು ಮತ್ತೆ ಏರಿಸುವ ಬದಲು ಹಳೆಯ ಪೋಸ್ಟಿನ ಕೊಂಡಿಯನ್ನಷ್ಟೇ ಹಂಚುವಂತೆ ಬದಲಿಸುವುದು. ಹಳೆಯ ಪ್ರಕಟಣೆ ಸ್ವಸ್ಥಾನದಲ್ಲೇ ಉಳಿಯುವುದರಿಂದ ಇಂಥ ಪರವಾನಗಿಗಳಲ್ಲಿ ಹೊಸ ಪ್ರಕಟಣೆಯ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ವಿಡಿಯೊಗೆ ಮತ್ತೆ ಮತ್ತೆ ಬೇಡಿಕೆ ಇದ್ದರೆ ಮಾತ್ರ ಚಂದಾ ನವೀಕರಿಸುವುದು ಲಾಭಕರ.

ಒಂದು ವೇಳೆ ಪತ್ರ ಎರಡನೆಯ ಬಗೆಯದಾಗಿದ್ದು, ರಸೀದಿಯೂ ಹಾಡಿನ ಹೆಸರೂ ಹೊಂದಿಕೆಯಾದರೆ ಆಕ್ಷೇಪಣೆ ಸಲ್ಲಿಸಬಹುದು. ಹಕ್ಕುದಾರರಿಗೆ ಉತ್ತರಿಸಲು 30 ದಿನಗಳಿರುತ್ತವೆ, ಉತ್ತರ ಬಾರದಿದ್ದರೆ ಕ್ಲೇಮ್ ತಾನಾಗಿ ಬಿಟ್ಟುಹೋಗುತ್ತದೆ. ಪುರಾವೆ ಇಲ್ಲದೆ ಆಕ್ಷೇಪಿಸಿದರೆ ಹಕ್ಕುದಾರರು ವಿಡಿಯೊ ತೆಗೆಯುವಂತೆ ವಿಧಿವತ್ತಾಗಿ ಕೋರಬಹುದು, ಆಗ ಕ್ಲೇಮ್ ಇದ್ದದ್ದು ಸ್ಟ್ರೈಕ್ ಆಗುತ್ತದೆ.

ಅವಧಿ ಸರಿಯಾಗಿದ್ದೂ ಕ್ಲೇಮ್ ಬಂದಿದ್ದರೆ ಖಾತೆಯ ಕಡೆ ನೋಡಿ. ಅನೇಕ ಸಂಗೀತ ಸೇವೆಗಳು ಚಂದಾದಾರರು ನೋಂದಾಯಿಸಿದ ಚಾನೆಲ್‌ಗಳಿಗೆ ಮಾತ್ರ ವಿನಾಯಿತಿ ನೀಡುತ್ತವೆ. ಮೊದಲ ವಿಡಿಯೊ ಮುಖ್ಯ ಚಾನೆಲ್‌ನಲ್ಲಿ ಬಂದು, ಸರದಿ ಅದನ್ನು ಎರಡನೆಯ ಚಾನೆಲ್‌ಗೂ ಕಳಿಸಿದ್ದರೆ, ಅಥವಾ ಹಾಡನ್ನು ತಮ್ಮ ಹೆಸರಿನಲ್ಲಿ ಖರೀದಿಸಿದ್ದ ಎಡಿಟರ್ ಈಗ ಕೆಲಸ ಬಿಟ್ಟಿದ್ದರೆ, ತೊಂದರೆ ಅಲ್ಲಿದೆ.

## ಲಕ್ಷಣ: ಪೋಸ್ಟ್ ಪ್ರಕಟವಾಗಿದೆ, ಆದರೆ ಧ್ವನಿಯೇ ಇಲ್ಲ

ಇಲ್ಲಿ ಮೊದಲು ತಿಳಿಯಬೇಕಾದದ್ದು ಧ್ವನಿ ಎಲ್ಲಿ ಕಳೆದುಹೋಯಿತು ಎಂಬುದು. ಸರದಿ ಕಳಿಸಿದ ಫೈಲಿನಲ್ಲಿಯೇ ಧ್ವನಿ ಇರಲಿಲ್ಲವೇ, ಅಥವಾ ವೇದಿಕೆ ಅದನ್ನು ಮುಚ್ಚಿತೇ? ಫೈಲನ್ನು ಹೀಗೆ ಪರೀಕ್ಷಿಸಬಹುದು.

```
ffprobe -v error -select_streams a -show_entries stream=codec_name -of csv=p=0 clip.mp4
```

ಉತ್ತರವಾಗಿ `aac` ಎಂಬಂಥ ಒಂದು ಹೆಸರು ಬಂದರೆ ಫೈಲಿನಲ್ಲಿ ಧ್ವನಿಯ ಜಾಡು ಇದೆ. ಫೈಲನ್ನು ಒಮ್ಮೆ ನುಡಿಸಿ ಕೇಳಿ. ಕೇಳಿಸಿದರೆ ಅದನ್ನು ಮುಚ್ಚಿದ್ದು ವೇದಿಕೆ. ಏನೂ ಬಾರದಿದ್ದರೆ ಫೈಲೇ ಮೂಕವಾಗಿ ಹೊರಟಿದೆ.

ಫೈಲೇ ಮೂಕವಾಗಿದ್ದರೆ ಅದು ಪರವಾನಗಿಯ ಉಲ್ಲಂಘನೆ ಆಗಿರಬೇಕಾಗಿಲ್ಲ. ಮೊದಲ ಸಲ ಪ್ರಕಟಿಸಿದವರು ಇನ್‌ಸ್ಟಾಗ್ರಾಮ್ ಆ್ಯಪ್ ಒಳಗಿನ ಸಂಗೀತ ಸಂಗ್ರಹದಿಂದ ಹಾಡನ್ನು ಆರಿಸಿ ಸೇರಿಸಿದ್ದರೆ, ಆ ಹಾಡು ಅವರ ಕಂಪ್ಯೂಟರಿನಲ್ಲಿರುವ ಮೂಲ ವಿಡಿಯೊದಲ್ಲಿ ಎಂದೂ ಇರಲಿಲ್ಲ. ಸರದಿ ಆ ಮೂಲವನ್ನೇ ಕಳಿಸಿದೆ. ಇದನ್ನು ಕಂಡ ಕೆಲವರು ಹಾಡು ಸಮೇತ ಪ್ರಕಟವಾಗಿದ್ದ ರೀಲನ್ನು ಪರದೆ ರೆಕಾರ್ಡಿಂಗ್ ಮೂಲಕವೋ ಬೇರೆ ಸಾಧನದಿಂದಲೋ ಇಳಿಸಿಕೊಂಡು ಸರದಿಗೆ ಹಾಕುತ್ತಾರೆ. ಹಾಗೆ ಮಾಡಬೇಡಿ. ಆ್ಯಪಿನ ಸಂಗ್ರಹದ ಅನುಮತಿ ಆ್ಯಪಿನೊಳಗಿನ ಬಳಕೆಗಷ್ಟೇ ಇರುತ್ತದೆ; ವಿಡಿಯೊದೊಳಗೆ ಬೆಸೆದುಹೋದ ಹಾಡಿಗೆ, ಅದನ್ನು ಬೇರೆ ವೇದಿಕೆಗೆ ಒಯ್ದಾಗ, ಯಾವ ಅನುಮತಿಯೂ ಉಳಿಯುವುದಿಲ್ಲ.

ಮುಚ್ಚಿದ್ದು ವೇದಿಕೆಯಾದರೆ ಎರಡು ಸಂಗತಿಗಳನ್ನು ನೋಡಬೇಕು. ಒಂದು, ಮೊದಲ ಪೋಸ್ಟಿನ ನಂತರ ಖಾತೆಯ ಬಗೆ ಬದಲಾಗಿದೆಯೇ ಎಂಬುದು. ವೈಯಕ್ತಿಕ ಖಾತೆಗೆ ದೊರೆಯುವ ಜನಪ್ರಿಯ ಹಾಡುಗಳು ವ್ಯಾಪಾರಿ ಖಾತೆಗೆ ಬಹುಮಟ್ಟಿಗೆ ದೊರೆಯುವುದಿಲ್ಲ. ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್‌ಗಳಲ್ಲಿ ವ್ಯಾಪಾರಿ ಬಳಕೆಗೆ ಮೆಟಾ ಸೌಂಡ್ ಕಲೆಕ್ಷನ್ ಇದೆ, ಟಿಕ್‌ಟಾಕ್‌ನಲ್ಲಿ ಅದಕ್ಕೆಂದೇ ವಾಣಿಜ್ಯ ಸಂಗೀತ ಸಂಗ್ರಹವಿದೆ. ಇನ್ನೊಂದು, ಪೋಸ್ಟನ್ನು ಹಣ ಕೊಟ್ಟು ಜಾಹೀರಾತಾಗಿ ಹರಡಲಾಗುತ್ತಿದೆಯೇ ಎಂಬುದು. ಸಾಮಾನ್ಯ ಪೋಸ್ಟಿಗೆ ಸಾಲುವ ಪರವಾನಗಿ ಜಾಹೀರಾತಿಗೆ ಸಾಲದಿರುವುದು ತೀರ ಸಾಮಾನ್ಯ. ಚೆನ್ನಾಗಿ ಓಡಿದ ಹಳೆಯ ಪೋಸ್ಟುಗಳನ್ನು ತಾನಾಗಿ ಜಾಹೀರಾತಿಗೆ ಏರಿಸುವ ನಿಯಮವನ್ನು ಸರದಿಯಲ್ಲಿ ಯಾರಾದರೂ ಹಾಕಿದ್ದರೆ, ಫೈಲೂ ಖಾತೆಯೂ ಬದಲಾಗದೆ ಉದ್ದೇಶ ಮಾತ್ರ ಬದಲಾಗಿರುತ್ತದೆ, ಮತ್ತು ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೆಲವು ದೇಶಗಳ ವೀಕ್ಷಕರಿಗೆ ಮಾತ್ರ ಧ್ವನಿ ಕೇಳಿಸುತ್ತಿಲ್ಲವಾದರೆ ಹಕ್ಕುಗಳು ಪ್ರದೇಶವಾರು ಹಂಚಿಹೋಗಿವೆ ಎಂದರ್ಥ. ಇದಕ್ಕೆ ಹಾಡು ಬದಲಿಸುವುದೇ ನೇರ ಪರಿಹಾರ.

ಮುಂದೆ ಈ ತೊಡಕು ಬಾರದಿರಲು, ಪ್ರತಿ ವಿಡಿಯೊದ ಸಂಗೀತರಹಿತ ಪ್ರತಿಯನ್ನು, ಮಾತು ಮತ್ತು ಸಹಜ ಶಬ್ದಗಳಷ್ಟೇ ಇರುವಂತೆ, ಬೇರೆಯಾಗಿ ತೆಗೆದಿಡುವುದನ್ನು ನಾನು ಎಲ್ಲಕ್ಕಿಂತ ಮೇಲಾಗಿ ಸೂಚಿಸುತ್ತೇನೆ. ಹಾಡಿನ ಅನುಮತಿ ಮುಗಿದ ದಿನ ವಿಡಿಯೊವನ್ನೇ ಎಸೆಯಬೇಕಾಗುವುದಿಲ್ಲ.

## ಲಕ್ಷಣ: ಛಾಯಾಗ್ರಾಹಕರಿಂದ ಅಥವಾ ಅವರ ಪ್ರತಿನಿಧಿಯಿಂದ ಮೇಲ್ ಬಂದಿದೆ

ಚಿತ್ರಗಳ ವಿಷಯದಲ್ಲಿ ವೇದಿಕೆಗಿಂತ ಮೊದಲು ಮನುಷ್ಯರೇ ಎಚ್ಚರಿಸುತ್ತಾರೆ. ಮೇಲ್ ಕೈಗೆ ಬಂದಾಗ ಮೊದಲು ಅದರಲ್ಲಿ ಏನು ಕೇಳಿದ್ದಾರೆ ನೋಡಿ: ಹೆಸರು ಹಾಕಿ ಎಂದಿದ್ದಾರೆಯೇ, ತೆಗೆಯಿರಿ ಎಂದಿದ್ದಾರೆಯೇ, ಹಣ ಕೊಡಿ ಎಂದಿದ್ದಾರೆಯೇ? ಮೂರನೆಯದಾದರೆ ಕೆಳಗಿನ ಪರೀಕ್ಷೆಗಳನ್ನು ಮಾಡಿಟ್ಟುಕೊಳ್ಳಿ, ಆದರೆ ಉತ್ತರವನ್ನು ಬಲ್ಲವರನ್ನು ಕೇಳದೆ ಬರೆಯಬೇಡಿ.

ಅತಿ ಸುಲಭದ ಪರೀಕ್ಷೆ ಹಳೆಯ ಅಡಿಬರಹವನ್ನೂ ಹೊಸ ಅಡಿಬರಹವನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು. ಹಳೆಯದರ ಕೊನೆಯಲ್ಲಿ ಚಿತ್ರಕೃಪೆಯ ಸಾಲು ಇದ್ದು ಹೊಸದರಲ್ಲಿ ಇಲ್ಲದಿದ್ದರೆ ಕಾರಣ ಸಿಕ್ಕಿತು. ಮರುಬಳಕೆಯ ಸಾಧನ ಅಡಿಬರಹವನ್ನು ಹೊಸದಾಗಿ ರಚಿಸುವಾಗ ಆ ಸಾಲನ್ನೂ ಅಳಿಸಿಹಾಕಿದೆ. ಕೆಲವೊಮ್ಮೆ ಕೃಪೆಯ ಸಾಲು ಚಿತ್ರದ ಮೂಲೆಯಲ್ಲಿಯೇ ಇದ್ದು, ಅಡ್ಡ ಚಿತ್ರವನ್ನು ಚೌಕವಾಗಿ ಕತ್ತರಿಸುವಾಗ ಅದೂ ಕತ್ತರಿಸಿ ಹೋಗಿರುತ್ತದೆ.

ಚಿತ್ರ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯದಾದರೆ ಇದು ಬರಿಯ ಸೌಜನ್ಯದ ಲೋಪವಲ್ಲ. ಸಿಸಿ ಬಿವೈ ಪರವಾನಗಿಯಲ್ಲಿ ಕರ್ತೃವಿನ ಹೆಸರು, ಪರವಾನಗಿಯ ಉಲ್ಲೇಖ ಮತ್ತು ಕೊಂಡಿ ಇರಬೇಕು, 4.0 ಆವೃತ್ತಿಯಲ್ಲಿ ಚಿತ್ರವನ್ನು ಬದಲಿಸಿದ್ದರೆ ಬದಲಿಸಲಾಗಿದೆ ಎಂದೂ ಹೇಳಬೇಕು. ಷರತ್ತು ಮುರಿದರೆ ಅನುಮತಿ ತಾನಾಗಿ ಕೊನೆಗೊಳ್ಳುತ್ತದೆ. ಇಲ್ಲಿ ಆವೃತ್ತಿಯ ಸಂಖ್ಯೆ ನಿಜಕ್ಕೂ ಮಹತ್ವದ್ದು. 4.0ರಲ್ಲಿ, ಲೋಪ ತಿಳಿದುಬಂದ 30 ದಿನಗಳೊಳಗೆ ಸರಿಪಡಿಸಿದರೆ ಅನುಮತಿ ಮರಳಿ ಬರುತ್ತದೆ, ಆದರೆ ನಡುವೆ ಆದ ಉಲ್ಲಂಘನೆಗೆ ಪರಿಹಾರ ಕೇಳುವ ಹಕ್ಕು ಕರ್ತೃವಿಗೆ ಉಳಿದೇ ಇರುತ್ತದೆ. 3.0 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಹೀಗೆ ತಾನಾಗಿ ಮರಳುವ ಏರ್ಪಾಡಿಲ್ಲ. ಆದ್ದರಿಂದ ಮೇಲ್ ಬಂದ ದಿನಾಂಕವನ್ನು ಬರೆದಿಟ್ಟುಕೊಂಡು ಕೃಪೆಯ ಸಾಲನ್ನು ಕೂಡಲೇ ಸೇರಿಸಬೇಕು. ಆ ಚಿತ್ರ ಸರದಿಯಲ್ಲಿ ಬೇರೆಲ್ಲಿ ಇದ್ದರೂ ಅಲ್ಲಿಯೂ ಸೇರಿಸಬೇಕು.

ಕೃಪೆ ಸರಿಯಾಗಿದ್ದರೆ ರೂಪವನ್ನು ನೋಡಿ. ಬದಲಾವಣೆಯನ್ನು ಹಂಚಬಾರದೆಂಬ ಷರತ್ತಿರುವ ಪರವಾನಗಿಗಳಲ್ಲಿ, ಅಂದರೆ ಹೆಸರಿನ ಕೊನೆಗೆ ಎನ್‌ಡಿ ಎಂದಿರುವವುಗಳಲ್ಲಿ, ಫೈಲಿನ ಮಾದರಿಯನ್ನು ಬದಲಿಸಬಹುದು, ಆದರೆ ಚಿತ್ರದ ಮೇಲೆ ದೊಡ್ಡ ಅಕ್ಷರ ಬರೆದು, ಬಣ್ಣ ತಿದ್ದಿ, ಬೇರೆ ಚಿತ್ರದೊಂದಿಗೆ ಜೋಡಿಸಿ ಹಂಚುವುದು ಸುರಕ್ಷಿತವಲ್ಲ. ಸಂಗೀತದ ವಿಷಯದಲ್ಲಂತೂ ಅನುಮಾನಕ್ಕೆ ಎಡೆಯೇ ಇಲ್ಲ: ಹಾಡನ್ನು ಚಲಿಸುವ ದೃಶ್ಯದೊಂದಿಗೆ ಕಾಲಕ್ಕೆ ಹೊಂದಿಸಿ ಜೋಡಿಸಿದರೆ ಅದು ಯಾವಾಗಲೂ ರೂಪಾಂತರವೇ ಎಂದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಪಠ್ಯವೇ ಹೇಳುತ್ತದೆ. ಎನ್‌ಡಿ ಷರತ್ತಿನ ಹಾಡನ್ನು ಧ್ವನಿ ಪೋಸ್ಟಾಗಿ ಹಂಚಿದಾಗ ತಪ್ಪಿರದಿದ್ದರೂ, ಸರದಿ ಅದೇ ಹಾಡಿಗೆ ಸ್ಲೈಡ್‌ಶೋ ಹೊಂದಿಸಿದ ಕ್ಷಣ ತಪ್ಪಾಗುತ್ತದೆ. ಎಸ್‌ಎ ಷರತ್ತಿನ ಹಾಡಾದರೆ, ಆ ವಿಡಿಯೊವನ್ನೂ ಅದೇ ಬಗೆಯ ಪರವಾನಗಿಯಡಿ ಬಿಡುಗಡೆ ಮಾಡಬೇಕಾಗುತ್ತದೆ.

ಉಚಿತ ಚಿತ್ರತಾಣಗಳಿಂದ ತಂದ ಚಿತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅನ್‌ಸ್ಪ್ಲಾಶ್ ತಾಣ 2017ರ ಜೂನ್‌ನಲ್ಲಿ, ಪಿಕ್ಸಾಬೇ 2019ರ ಜನವರಿಯಲ್ಲಿ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಡುವ ಸಿಸಿ ಜೀರೋ ತೊರೆದು ತಮ್ಮದೇ ಪರವಾನಗಿಗೆ ಬದಲಾದವು. ಸಿಸಿ ಜೀರೋ ಅಡಿಯಲ್ಲಿ ಒಮ್ಮೆ ಬಿಟ್ಟುಕೊಟ್ಟದ್ದನ್ನು ಹಿಂಪಡೆಯಲಾಗದಾದ್ದರಿಂದ, ಅದಕ್ಕೂ ಮೊದಲು ಇಳಿಸಿಕೊಂಡ ಚಿತ್ರದ ಸ್ಥಿತಿ ಬೇರೆ, ನಂತರದ್ದರ ಸ್ಥಿತಿ ಬೇರೆ. ಆದರೆ ಯಾವಾಗ ಇಳಿಸಿಕೊಂಡದ್ದು ಎಂಬುದಕ್ಕೆ ಪುರಾವೆ ಬೇಕು, ಮತ್ತು ಕಂಪ್ಯೂಟರ್ ತೋರಿಸುವ ಫೈಲಿನ ದಿನಾಂಕ ಪುರಾವೆಯಾಗಲಾರದು. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ನಕಲಿಸಿದಾಗಲೇ ಅದು ಬದಲಾಗಿರಬಹುದು.

ಸುದ್ದಿ ಮತ್ತು ವಿಶ್ಲೇಷಣೆಗೆ ಮಾತ್ರ ಎಂಬ ಷರತ್ತಿನ ಮೇಲೆ ಖರೀದಿಸಿದ ಚಿತ್ರಗಳ ವಿಷಯವನ್ನು ದೀರ್ಘವಾಗಿ ಹೇಳಬೇಕಿಲ್ಲ. ಲೇಖನದೊಂದಿಗೆ ಬಂದಿದ್ದ ಇಂಥ ಚಿತ್ರ ಮಾರಾಟದ ಪೋಸ್ಟಿಗೆ ಹೋಗಿದ್ದರೆ ಅದು ತಪ್ಪು, ತೆಗೆಯಬೇಕು.

## ಲಕ್ಷಣ: ದೂರೇನೂ ಬಂದಿಲ್ಲ, ಆದರೆ ಚಿತ್ರ ಎಲ್ಲಿಂದ ಬಂತೆಂದು ಯಾರಿಗೂ ತಿಳಿದಿಲ್ಲ

ದೂರು ಇಲ್ಲದಿದ್ದರೂ ಇದು ದೋಷವೇ. ಹಳೆಯ ಸಂಗ್ರಹವಿರುವ ಕಡೆ ಇಂಥ ಅನಾಥ ಫೈಲುಗಳು ಇದ್ದೇ ಇರುತ್ತವೆ. ಮೊದಲು ಚಿತ್ರದೊಳಗೆ ಹುದುಗಿರುವ ಮಾಹಿತಿಯನ್ನು ಓದಿ.

```
exiftool -s -G1 -By-line -Creator -CopyrightNotice -Rights -Credit -WebStatement -UsageTerms photo.jpg
```

ಕರ್ತೃವಿನ ಹೆಸರು ಅಥವಾ `WebStatement` ಎದುರಿಗೆ ಒಂದು ವಿಳಾಸ ಸಿಕ್ಕರೆ ಅಲ್ಲಿಗೆ ಹೋಗಿ ಷರತ್ತು ಓದಬಹುದು. ಏನೂ ಸಿಗದಿದ್ದರೆ ಚಿತ್ರ ಮುಕ್ತವಾಗಿದೆ ಎಂದು ತಿಳಿಯಬಾರದು. ಮೆಸೇಜಿಂಗ್ ಆ್ಯಪ್‌ಗಳು, ಸಾಮಾಜಿಕ ಜಾಲತಾಣಗಳು, ಗಾತ್ರ ಕುಗ್ಗಿಸುವ ಸಾಧನಗಳು ಈ ಮಾಹಿತಿಯನ್ನು ಆಗಾಗ ಕಿತ್ತೆಸೆಯುತ್ತವೆ. ಖಾಲಿ ಉತ್ತರ ಹೇಳುವುದು, ಈ ಪ್ರತಿ ಬಹುಶಃ ಮೂಲವಲ್ಲ, ಅನೇಕ ಕೈ ಬದಲಾಗಿ ಬಂದಿದೆ ಎಂದಷ್ಟೆ. ಆಗ ಚಿತ್ರ ಕೊಟ್ಟು ಹುಡುಕುವ ಸೌಲಭ್ಯದಲ್ಲಿ ಹಾಕಿ, ಅತಿ ದೊಡ್ಡ ಗಾತ್ರದ ಮತ್ತು ಅತಿ ಹಳೆಯ ದಿನಾಂಕದ ಪ್ರತಿ ಯಾವ ಪುಟದಲ್ಲಿದೆ ಎಂದು ನೋಡಬೇಕು. ಮೂಲದ ಪುಟ ಸಿಕ್ಕರೂ ಚಿತ್ರದಲ್ಲಿ ಗುರುತಿಸಬಹುದಾದ ವ್ಯಕ್ತಿ ಇದ್ದರೆ, ಛಾಯಾಗ್ರಾಹಕರ ಅನುಮತಿಯ ಜೊತೆಗೆ ಆ ವ್ಯಕ್ತಿಯ ಒಪ್ಪಿಗೆಯೂ ಬೇಕಾಗುತ್ತದೆ, ವಿಶೇಷವಾಗಿ ಪೋಸ್ಟ್ ಏನನ್ನಾದರೂ ಮಾರುತ್ತಿದ್ದರೆ.

ಇಷ್ಟು ಹುಡುಕಿಯೂ ಮೂಲ ಸಿಗದ ಚಿತ್ರವನ್ನು ಸರದಿಯಿಂದ ತೆಗೆದುಬಿಡಿ. ಅದಕ್ಕಾಗಿ ಇನ್ನಷ್ಟು ಸಮಯ ಕಳೆಯುವುದಕ್ಕಿಂತ ಬೇರೆ ಚಿತ್ರ ಹುಡುಕುವುದು ಅಗ್ಗ.

## ಎಲ್ಲಿ ನಿಲ್ಲಿಸಿ ಸಹಾಯ ಪಡೆಯಬೇಕು

ಹಣ ಕೇಳಿದ ಪತ್ರ, ವಕೀಲರ ನೋಟಿಸು, ಅಥವಾ ಎರಡನೆಯ ಸ್ಟ್ರೈಕ್ ಬಂದಲ್ಲಿ ಸ್ವಂತ ಪತ್ತೆ ಅಲ್ಲಿಗೆ ನಿಲ್ಲಬೇಕು. ಸ್ಟ್ರೈಕಿಗೆ ಎದುರಾಗಿ ಯೂಟ್ಯೂಬ್‌ನಲ್ಲಿ ಸಲ್ಲಿಸುವ ಪ್ರತಿ-ಅಧಿಸೂಚನೆಯನ್ನು ಮತ್ತೊಂದು ಸುತ್ತಿನ ಆಕ್ಷೇಪಣೆ ಎಂದು ಭಾವಿಸಬಾರದು. ಅದು ಕಾನೂನಿನ ದಾಖಲೆ. ಸುಳ್ಳಾದರೆ ಶಿಕ್ಷಾರ್ಹವೆಂದು ಒಪ್ಪಿ ಸಹಿ ಹಾಕಬೇಕು, ಸಲ್ಲಿಸಿದವರ ಹೆಸರು ವಿಳಾಸಗಳು ಎದುರಾಳಿಗೆ ಹೋಗುತ್ತವೆ, ಮತ್ತು ಎದುರಾಳಿ 10 ಕೆಲಸದ ದಿನಗಳೊಳಗೆ ನ್ಯಾಯಾಲಯಕ್ಕೆ ಹೋದ ಪುರಾವೆ ಕೊಟ್ಟರೆ ವಿಡಿಯೊ ಮರಳಿ ಬರುವುದಿಲ್ಲ. ಕೃತಿಸ್ವಾಮ್ಯ ಬಲ್ಲ ವಕೀಲರಿಗೆ ಪರವಾನಗಿ ಪತ್ರ, ರಸೀದಿ, ಎರಡೂ ಪ್ರಕಟಣೆಗಳ ದಿನಾಂಕ ಮತ್ತು ಮೊದಲೇ ತೆಗೆದಿಟ್ಟ ಸ್ಕ್ರೀನ್‌ಶಾಟ್‌ಗಳನ್ನು ಒಟ್ಟಿಗೆ ಕೊಟ್ಟರೆ ಅವರ ಕೆಲಸ ಹಗುರವಾಗುತ್ತದೆ.

ಪರವಾನಗಿ ಪತ್ರದ ವಾಕ್ಯ ಎರಡು ಅರ್ಥ ಕೊಡುವಂತಿದ್ದರೆ, ನಮಗೆ ಅನುಕೂಲವಾದ ಅರ್ಥವನ್ನು ಆರಿಸಿಕೊಳ್ಳುವ ಬದಲು ಒದಗಿಸಿದವರಿಗೇ ಮೇಲ್ ಬರೆದು ಕೇಳಬೇಕು. ಅವರ ಲಿಖಿತ ಉತ್ತರ ಮುಂದೆ ಪುರಾವೆಯಾಗಿಯೂ ಉಪಯೋಗಕ್ಕೆ ಬರುತ್ತದೆ.

## ಸರದಿಯನ್ನು ಮತ್ತೆ ಆರಂಭಿಸುವ ಮೊದಲು

ಪ್ರತಿ ಫೈಲಿಗೂ ಒಂದು ದಾಖಲೆ ಬೇಕು: ಮೂಲದ ಕೊಂಡಿ, ಇಳಿಸಿಕೊಂಡ ದಿನ, ಆ ದಿನದ ಪರವಾನಗಿ ಪುಟದ ಪ್ರತಿ, ಅನುಮತಿ ಮುಗಿಯುವ ದಿನ, ಅನುಮತಿಯುಳ್ಳ ಖಾತೆಗಳು, ಜಾಹೀರಾತಿಗೆ ಸಲ್ಲುತ್ತದೆಯೇ, ಬದಲಾವಣೆಗೆ ಅವಕಾಶವಿದೆಯೇ, ಕೃಪೆಯ ಸಾಲು. ಒಂದು ವಿಡಿಯೊದಲ್ಲಿ ಹಾಡು ಮತ್ತು ಮೂರು ಚಿತ್ರಗಳಿದ್ದರೆ ನಾಲ್ಕು ದಾಖಲೆಗಳನ್ನು ಮಾಡಬೇಕು, ಏಕೆಂದರೆ ಅವುಗಳಲ್ಲಿ ಮೊದಲು ಅವಧಿ ಮುಗಿಯುವುದು ಯಾವುದೋ ಅದೇ ಇಡೀ ವಿಡಿಯೊದ ಅವಧಿ. ಪ್ರತಿ ದಾಖಲೆಗೂ ಬೇರೆ ಬೇರೆಯಾಗಿ ನಡೆಸಬೇಕಾದ ತಡೆಯ ನಿಯಮವನ್ನು ಇಷ್ಟು ಸರಳವಾಗಿಡಬಹುದು.

```
def may_publish(rec, post):
    if rec is None:
        return False
    if rec.expires and post.date > rec.expires:
        return False
    if post.account not in rec.accounts:
        return False
    if post.is_ad and not rec.ads_ok:
        return False
    if post.edited and not rec.edits_ok:
        return False
    return rec.credit in post.caption
```

ಇದರಲ್ಲಿ ದಾಖಲೆಯೇ ಇಲ್ಲದ ಫೈಲು ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಮೂಲ ಗೊತ್ತಿಲ್ಲದ್ದನ್ನು ಸರಿ ಎಂದು ಬಿಡುವ ವ್ಯವಸ್ಥೆಗಳೇ ಹೆಚ್ಚು ತೊಂದರೆ ಕೊಡುತ್ತವೆ. ಅವಧಿಗೆ ಮಿತಿ ಇಲ್ಲದ ಪರವಾನಗಿಯಲ್ಲಿ `expires` ಖಾಲಿ ಇರಬಹುದು. ಕೃಪೆ ಬೇಕಿಲ್ಲದ ಫೈಲಿನಲ್ಲಿ `credit` ಖಾಲಿ ಪಠ್ಯವಾಗಿರಬೇಕು, ಆಗ ಕೊನೆಯ ಪರೀಕ್ಷೆ ತಾನಾಗಿ ಪಾಸಾಗುತ್ತದೆ. ಕೃಪೆ ಬೇಕೋ ಬೇಡವೋ ತಿಳಿದಿಲ್ಲದಿದ್ದರೆ ದಾಖಲೆಯನ್ನೇ ಮಾಡಬೇಡಿ.

ಈ ಪರೀಕ್ಷೆ ಪೋಸ್ಟನ್ನು ಸರದಿಗೆ ಸೇರಿಸುವಾಗ ಒಮ್ಮೆ ನಡೆದರೆ ಸಾಲದು, ಪ್ರಕಟಿಸುವ ಹೊತ್ತಿಗೆ ಮತ್ತೊಮ್ಮೆ ನಡೆಯಬೇಕು. ಆರು ತಿಂಗಳ ಸರದಿಯನ್ನು ಒಟ್ಟಿಗೆ ತುಂಬಿದಾಗ, ತುಂಬುವ ದಿನ ಚಾಲ್ತಿಯಲ್ಲಿದ್ದ ಚಂದಾ ಪ್ರಕಟಣೆಯ ದಿನ ರದ್ದಾಗಿರಬಹುದು. ಚಂದಾ ರದ್ದು ಮಾಡುವವರು ಹಣಕಾಸಿನ ಕಡೆಯವರು, ಸರದಿ ನೋಡಿಕೊಳ್ಳುವವರು ಬೇರೆಯವರು. ರದ್ದಾದ ದಿನವೇ ದಾಖಲೆಗಳ `expires` ತುಂಬುವ ಜವಾಬ್ದಾರಿ ಯಾರದು ಎಂದು ಹೆಸರಿಟ್ಟು ನಿಗದಿ ಮಾಡಿಕೊಳ್ಳಬೇಕು.

ಕೊನೆಯದಾಗಿ, ತಡೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಪರೀಕ್ಷಾ ಖಾತೆಯೊಂದರಲ್ಲಿ ಐದು ಪೋಸ್ಟುಗಳನ್ನು ಬೇಕೆಂದೇ ತಪ್ಪಾಗಿ ಸೇರಿಸಿ: ಒಂದಕ್ಕೆ ದಾಖಲೆ ಇರಬಾರದು, ಒಂದರ ಅವಧಿ ನಿನ್ನೆಗೆ ಮುಗಿದಿರಬೇಕು, ಒಂದು ಅನುಮತಿಯಿಲ್ಲದ ಖಾತೆಗೆ ಹೋಗುತ್ತಿರಬೇಕು, ದಾಖಲೆಯಲ್ಲಿ ಜಾಹೀರಾತಿಗೆ ಸಲ್ಲದೆಂದಿರುವ ಒಂದು ಜಾಹೀರಾತೆಂದು ಗುರುತಾಗಿರಬೇಕು, ಒಂದರ ಅಡಿಬರಹದಲ್ಲಿ ದಾಖಲೆಯಲ್ಲಿರುವ ಕೃಪೆಯ ಸಾಲು ಇರಬಾರದು. ಇವುಗಳಿಗೆ ನಿಮ್ಮದೇ ಸ್ವಂತ ಚಿತ್ರವನ್ನು ಬಳಸಿ, ತಡೆ ವಿಫಲವಾಗಿ ಪೋಸ್ಟ್ ಹೊರಬಿದ್ದರೂ ಯಾರ ಹಕ್ಕಿಗೂ ಧಕ್ಕೆಯಾಗದು. ಐದೂ ನಿಂತ ಮೇಲೆ ನಿಜವಾದ ಸರದಿಯನ್ನು ತೆರೆಯಿರಿ, ಮತ್ತು ಮೊದಲ ವಾರ ತಡೆಹಿಡಿಯಲಾದ ಪೋಸ್ಟುಗಳ ಪಟ್ಟಿಯನ್ನು ಪ್ರತಿದಿನ ಒಬ್ಬರು ಓದುವಂತೆ ಮಾಡಿ.